ನಾಲ್ಕನೆಯ ಊಹೆ: ಒಂದು ಮೋರಿ

ಇಂಜಿನಿಯರುಗಳು ಹೆಚ್ಚಾಗಿ, ಕಟ್ಟಬೇಕಾದ ಸೇತುವೆಗಳು ಕಡಿಮೆಯಾಗಿದ್ದ ಕಾಲ ಅದು. ಅರವತ್ತರ ದಶಕ ಇನ್ನೇನು ಮುಗಿಯುವುದರಲ್ಲಿತ್ತು. ನಾನು ಸಿವಿಲ್ ಪದವಿಯನ್ನು ಸೆಕೆಂಡ್ ಕ್ಲಾಸಿನಲ್ಲಿ ಮುಗಿಸಿ, ದೇಶಕ್ಕೆ ನನ್ನಿಂದ ಆಗಬೇಕಾದ ಉಪಕಾರವೇನೆಂದು ತಿಳಿಯದೆ, ಚೆಂಬೂರಿನ ಅಕ್ಕನ ಮನೆಗೆ ಬಂದು ಇಳಿದಿದ್ದೆ. ಮನೆ ಎಂದರೆ ಒಂದು ಕೋಣೆ. ಅದರ ಒಂದು ಮೂಲೆಯಲ್ಲಿ ಅಡಿಗೆ, ಇನ್ನೊಂದು ಮೂಲೆಯಲ್ಲಿ ಗೇಣೆತ್ತರದ ಕಟ್ಟೆ ಕಟ್ಟಿದ ಮೋರಿ. ಮುಂಬಯಿಯಲ್ಲಿ ಮೋರಿ ಎಂದರೆ ಪಾತ್ರೆ, ಬಟ್ಟೆ, ಮೈ ಈ ಮೂರನ್ನೂ ಸರದಿಯ ಮೇಲೆ ತೊಳೆಯುವ ಸ್ಥಳ. ಮೋರಿಯ ಪಕ್ಕದಲ್ಲಿ ನೀರು ತುಂಬಿಡುವ ಕಬ್ಬಿಣದ ಪೀಪಾಯಿ. ಉಳಿದ ಎರಡು ಮೂಲೆಗಳಲ್ಲಿ ಅಕ್ಕ, ಅವಳ ಗಂಡ, ಎರಡು ಮಕ್ಕಳು ಮತ್ತು ಪದವೀಧರನಾದ ನಾನು.

ಅಕ್ಕನ ಗಂಡನನ್ನು ನಮ್ಮ ಕಡೆ ಮಾಮಾ ಎಂದೇ ಕರೆಯುವುದು. ಮಾಮಾ ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತ. ಯಾವ ಕೆಲಸಗಾರ ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದ, ಯಾವ ತುಂಡು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು, ಇವನ್ನು ದಾಖಲಿಸುವುದು ಅವರ ವೃತ್ತಿ. ಇತರರ ಸಮಯದ ವಿಷಯದಲ್ಲಿ ಅವರಷ್ಟು ಗಂಭೀರವಾಗಿ ಚಿಂತಿಸಿದವರನ್ನು ನಾನು ಆಮೇಲೂ ಕಂಡಿಲ್ಲ. ನನ್ನ ವಿಷಯದಲ್ಲೂ ಚಿಂತಿಸಿದ್ದರು. ಗದಗಿನ ಕಡೆ ಅವರ ಸಂಬಂಧಿಕರೊಬ್ಬರು ಕಾಲುವೆಯ ಗುತ್ತಿಗೆ ಹಿಡಿದಿದ್ದರು. ಅಲ್ಲಿ ಅಗೆದ ಮಣ್ಣು ಅಳೆಯುವುದಕ್ಕೆ ಒಬ್ಬ ಮನುಷ್ಯ ಬೇಕಾಗಿದ್ದ. "ಈ ತಿಂಗಳ ಆಖೀರತನಕಾ ನೋಡೂಣು. ಇಲ್ಲಿ ಆಗ್ಲಿಲ್ಲಂದ್ರ ಅಲ್ಲಿ ಮಣ್ಣರ ಐತಿ" ಎಂದು ಅವರು ನಿರ್ಣಯ ಕೊಟ್ಟಿದ್ದರು. ಅದರಲ್ಲಿ ಸಿಟ್ಟಿರಲಿಲ್ಲ. ಕೋಣೆಯ ಧಾರಣಶಕ್ತಿಯ ಬಗ್ಗೆ ಅವರಿಗಿದ್ದ ತಿಳುವಳಿಕೆ ನನ್ನ ಪುಸ್ತಕದ್ದಕ್ಕಿಂತ ನಿಖರವಾಗಿತ್ತು, ಅಷ್ಟೆ.

ಆ ತಿಂಗಳಲ್ಲಿ ನನಗೆ ಬಂದ ಕರೆ ಒಂದೇ. ಕೋಟೆ ಭಾಗದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಕಟ್ಟಡಗಳ ಕಾಂಕ್ರೀಟ್ ಲೆಕ್ಕ ಮಾಡಿಕೊಡುವ ಒಂದು ಸಣ್ಣ ಕಚೇರಿ. ಎಂಟು ಜನ, ಎಂಟು ಡ್ರಾಯಿಂಗ್ ಬೋರ್ಡು, ಒಂದು ಟೆಲಿಫೋನು. ಹೋದರೆ ಯಾರೂ ಪ್ರಶ್ನೆ ಕೇಳಲಿಲ್ಲ. ಮುಖ್ಯಸ್ಥರು ಬೆಳಗಾವಿ ಕಡೆಯ ವೃದ್ಧರು; ಆಫೀಸಿನಲ್ಲಿ ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ಮನೆಮಾತು ಮರಾಠಿ, ವ್ಯವಹಾರ ಇಂಗ್ಲಿಷಿನಲ್ಲಿ. ನನ್ನ ಅರ್ಜಿಯಲ್ಲಿ ಊರಿನ ಹೆಸರು ನೋಡಿ ಮಾತ್ರ ಕನ್ನಡಕ್ಕೆ ಬಂದರು.

"ನಮ್ಮ ಕಡಿಯವ ಇದ್ದೀ. ಛಲೋ. ಆದ್ರ ಅದಕ್ಕ ಮಾರ್ಕ್ಸ್ ಇಲ್ಲ" ಎಂದು ಒಂದು ಹಾಳೆ ಕೈಗಿಟ್ಟರು. "ಮನಿಗೆ ಒಯ್ಯಿ. ಪುಸ್ತಕಾ ನೋಡು, ಯಾರನ್ನರ ಕೇಳು, ಏನರ ಮಾಡು. ಮುಂದಿನ ಸೋಮವಾರ ತಗೊಂಡು ಬಾ."

ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಅದರಲ್ಲಿ ಒಂದು ಕೋಣೆಯ ನಕ್ಷೆ: ಮೊದಲ ಮಹಡಿ, ಒಳಗಿನ ಅಗಲ ಮೂರು ಮೀಟರು, ಉದ್ದ ಆರೂವರೆ, ಸುತ್ತ ಒಂದು ಇಟ್ಟಿಗೆ ದಪ್ಪದ ಗೋಡೆ. ಒಂದು ಬಾಗಿಲು, ಎರಡು ಕಿಟಕಿ, ಮೂಲೆಯಲ್ಲೊಂದು ಸಣ್ಣ ಚೌಕದ ಗುರುತು. ಈ ಕೋಣೆಯ ನೆಲವನ್ನು ಹೊರುವ ಕಾಂಕ್ರೀಟ್ ಸ್ಲ್ಯಾಬಿನ ಲೆಕ್ಕ ಮಾಡಿ, ಕಬ್ಬಿಣದ ಸರಳುಗಳನ್ನು ತೋರಿಸುವ ನಕ್ಷೆ ಬರೆಯಬೇಕು. ಕೊನೆಯಲ್ಲಿ ಎರಡು ಸಾಲು: ಕೊಡದೆ ಇರುವ ವಿವರಗಳನ್ನು ಯೋಗ್ಯವಾಗಿ ಊಹಿಸಿಕೊಳ್ಳಬಹುದು. ಜತೆಗೆ ಅರ್ಧ ಹಾಳೆಗೆ ಮೀರದ ಟಿಪ್ಪಣಿ ಇರಲಿ. ಮಾಡಿಕೊಂಡ ಊಹೆಗಳು ಮತ್ತು ತಗಲಿದ ಸಮಯ.

ಮೊದಲ ಸಾಲಿನ ಬಗ್ಗೆ ನನಗೆ ಭಯವಿರಲಿಲ್ಲ. ನಮ್ಮ ಪರೀಕ್ಷೆಯ ಪ್ರಶ್ನಪತ್ರಿಕೆಗಳೆಲ್ಲ ಅದೇ ಸಾಲಿನಿಂದ ಮುಗಿಯುತ್ತಿದ್ದವು. ಐದು ವರ್ಷ ನಾವು ಯೋಗ್ಯವಾಗಿ ಊಹಿಸಿದ್ದೆವು. ಯಾವ ಮಾಸ್ತರರೂ ಏನು ಊಹಿಸಿದಿರಿ ಎಂದು ಕೇಳಿರಲಿಲ್ಲ. ಎರಡನೆಯ ಸಾಲು ಹೊಸದು. ಊಹೆಯನ್ನು ಬರೆದು ಸಹಿ ಹಾಕಿ ಕೊಡುವುದು, ಮನಸ್ಸಿನಲ್ಲಿ ಬಂದದ್ದನ್ನು ಪೊಲೀಸ್ ಚೌಕಿಗೆ ಹೋಗಿ ತಾನೇ ಹೇಳಿ ಬಂದ ಹಾಗೆ ಎನಿಸಿತು.

ಮಾಮಾ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಕೋಣೆ ದೊಡ್ಡದಾಗುತ್ತಿತ್ತು. ಅಕ್ಕನ ಮದುವೆಯ ಟ್ರಂಕನ್ನು ಕಿಟಕಿಯ ಬಳಿ ಎಳೆದು, ಮೇಲೆ ಡ್ರಾಯಿಂಗ್ ಬೋರ್ಡು ಇಟ್ಟು, ಪಟ್ಟಿ ಸರಿಸಿ ಲೆಕ್ಕ ಮಾಡುವ ಕಾಲೇಜಿನ ಸ್ಲೈಡ್ ರೂಲಿನ ಧೂಳು ಒರೆಸಿ ಕೂತೆ. ಸ್ಲ್ಯಾಬಿನ ಲೆಕ್ಕ ದೊಡ್ಡ ಬ್ರಹ್ಮವಿದ್ಯೆಯಲ್ಲ. ನೆಲದ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಗೊತ್ತಾದರೆ, ಅದು ಎಷ್ಟು ಬಾಗಲು ನೋಡುತ್ತದೆ ಎಂಬುದು ಗೊತ್ತಾಗುತ್ತದೆ; ಅದರಿಂದ ದಪ್ಪ, ದಪ್ಪದಿಂದ ಕಬ್ಬಿಣ. ಎಲ್ಲವೂ ನಿಂತಿರುವುದು ಆ ಮೊದಲ ಭಾರದ ಮೇಲೆ. ಆ ಭಾರ ನಿಂತಿರುವುದು ಕೋಣೆ ಯಾವುದಕ್ಕೆ ಎಂಬುದರ ಮೇಲೆ. ಅದನ್ನು ಹಾಳೆ ಹೇಳಿರಲಿಲ್ಲ.

ಹೇಳಿಲ್ಲ ಎಂಬುದೂ ನನಗೆ ಹೊಳೆಯಲಿಲ್ಲ. ಬಾಗಿಲು, ಕಿಟಕಿ, ಮೂಲೆಯಲ್ಲಿ ಚೌಕ: ಇದು ಮನೆ ಎಂಬುದನ್ನು ಬೇರೆ ಹೇಳಬೇಕೆ? ಅಕ್ಕ ಅಕ್ಕಿ ಆರಿಸುತ್ತ ಬಂದು ನಕ್ಷೆಯನ್ನು ಇಣುಕಿದಳು.

"ಯಾರದೋ ತಮ್ಮಾ ಈ ಖೋಲಿ?"

"ಯಾರದೂ ಅಲ್ಲ. ಪರೀಕ್ಷಾಕ್ಕ ಕೊಟ್ಟದ್ದು."

"ನಮ್ಮದಕ್ಕಿಂತ ಉದ್ದ ಐತಿ ನೋಡು. ಮೋರಿ ಕಿಟಕಿ ಬಾಜೂಕ ಹಾಕ್ಯಾರ. ಶ್ಯಾಣ್ಯಾ ಅದಾರ. ಹಸಿ ವಾಸನಿ ಹೊರಗ ಹೊಕ್ಕೈತಿ" ಎಂದು ಚೌಕದ ಗುರುತಿನ ಮೇಲೆ ಬೆರಳಿಟ್ಟಳು.

ನನಗೂ ಅದು ಮೋರಿಯೆಂದೇ ಕಂಡಿತ್ತು. ಮುಂಬಯಿಗೆ ಬಂದಂದಿನಿಂದ ಮೋರಿ ಇಲ್ಲದ ಕೋಣೆಯನ್ನು ನಾನು ಕಂಡಿರಲಿಲ್ಲ. ನಮ್ಮ ಕಟ್ಟಡದ ಅರವತ್ತು ಚಿಲ್ಲರೆ ಕೋಣೆಗಳಲ್ಲಿ ಒಂದಕ್ಕೂ ಆ ಅವಮಾನ ಆಗಿರಲಿಲ್ಲ. ಇನ್ನು ಮುಂದಿನ ಕೆಲಸ ಕೇವಲ ಸಾಮಾನ್ಯ ಜ್ಞಾನದ್ದು. ಕಟ್ಟಡ ನಿಯಮಗಳ ಸರಕಾರಿ ಕೋಡಿನ ಪ್ರಕಾರ ಮನೆಯ ನೆಲಕ್ಕೆ ಚದರ ಮೀಟರಿಗೆ ಇನ್ನೂರು ಕಿಲೋ ಭಾರ ಹಿಡಿಯಬೇಕು. ಕೋಡು ಬರೆದವರು ಚೆಂಬೂರಿಗೆ ಬಂದಿರಲಾರರು ಎಂದುಕೊಂಡೆ. ಮೋರಿಯ ಕಟ್ಟೆ, ಅದರ ಕೆಳಗೆ ತುಂಬಿದ ಇಟ್ಟಿಗೆ ಚೂರು, ನೀರು ತುಂಬಿದ ಪೀಪಾಯಿ, ರುಬ್ಬುಗಲ್ಲು, ಟ್ರಂಕು, ಊರಿನಿಂದ ಬಂದು ಹೋಗದೆ ಉಳಿದ ಮೈದುನ, ಇವೆಲ್ಲವನ್ನೂ ಸೇರಿಸಿ, ಕೋಣೆಯ ತುಂಬ ಸಮನಾಗಿ ಹರಡಿ, ನಾನೂರು ಕಿಲೋ ಮಾಡಿದೆ. ನನ್ನ ಭಾರವನ್ನು ಸರಕಾರಕ್ಕಿಂತ ಹೆಚ್ಚು ಗೌರವದಿಂದ ಪರಿಗಣಿಸಿದ ತೃಪ್ತಿ ಸಿಕ್ಕಿತು.

ಮೂರನೆಯ ದಿನ ಲೆಕ್ಕವನ್ನು ಚೊಕ್ಕ ಹಾಳೆಗೆ ಇಳಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಭಾರಗಳ ಪಟ್ಟಿಯಲ್ಲಿ ಪೀಪಾಯಿ ಇತ್ತು, ಮೈದುನ ಇದ್ದ, ಸ್ಲ್ಯಾಬು ಇರಲಿಲ್ಲ. ಕಾಂಕ್ರೀಟು ಮೊದಲು ತನ್ನ ಭಾರವನ್ನು ತಾನು ಹೊರಬೇಕು, ಉಳಿದವರದ್ದು ಆಮೇಲೆ; ಇದು ಕಾಲೇಜಿನ ಮೊದಲ ವಾರದ ಪಾಠ. ಹದಿಮೂರು ಸೆಂಟಿಮೀಟರು ದಪ್ಪವಿರಬೇಕಾದದ್ದು ಹತ್ತೂವರೆಗೆ ನಿಂತಿತ್ತು. ಎಲ್ಲವನ್ನೂ ಹರಿದು ಮತ್ತೆ ಮಾಡಿದೆ. ಆಮೇಲೆ ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ನಕ್ಷೆ. ಇಂಕು ಒಣಗುವವರೆಗೆ ಅಕ್ಕ ಒಗ್ಗರಣೆ ಹಾಕುವಂತಿರಲಿಲ್ಲ, ಹನಿ ಸಿಡಿಯುತ್ತಿತ್ತು. ಆ ದಿನ ಮನೆಯಲ್ಲಿ ಎಲ್ಲರೂ ಒಗ್ಗರಣೆಯಿಲ್ಲದ ಸಾರನ್ನು ಇಂಜಿನಿಯರಿಂಗ್ ಶಾಸ್ತ್ರದ ಸಲುವಾಗಿ ಉಂಡರು.

ಉಳಿದದ್ದು ಅರ್ಧ ಹಾಳೆಯ ಟಿಪ್ಪಣಿ. ಊಹೆಗಳು ಐದಾದವು. ಕಾಂಕ್ರೀಟಿನ ದರ್ಜೆ, ಕಬ್ಬಿಣ ತಾಳಬಹುದಾದ ಎಳೆತ, ನೆಲಹಾಸಿನ ಭಾರ ಈ ಮೂರು ಎಲ್ಲರೂ ಬರೆಯುವಂಥವು. ನಾಲ್ಕನೆಯದು: ಇದು ವಾಸದ ಕೋಣೆ, ಮೂಲೆಯ ಗುರುತು ಮೋರಿ, ಅದರ ಪಕ್ಕ ನೀರಿನ ಪೀಪಾಯಿ, ಆದ್ದರಿಂದ ಭಾರ ಇನ್ನೂರರ ಬದಲು ನಾನೂರು. ಐದನೆಯದು, ಗೋಡೆಗಳು ಸ್ಲ್ಯಾಬನ್ನು ಹೊರಲು ಸಾಕಷ್ಟು ಗಟ್ಟಿಯಾಗಿವೆ ಎಂಬ ವಿಶ್ವಾಸ. ಇಷ್ಟಕ್ಕೆ ಯಾರ ತಕರಾರೂ ಇರಲಿಲ್ಲ. ತಕರಾರು ಹುಟ್ಟಿದ್ದು ತಗಲಿದ ಸಮಯದಲ್ಲಿ.

ನಾನು ಕೂತದ್ದು, ಎದ್ದದ್ದು ಗುರುತು ಹಾಕಿಕೊಂಡಿದ್ದೆ. ಕೂಡಿಸಿದರೆ ಹನ್ನೊಂದು ಗಂಟೆ. ಸಂಜೆ ಕಟ್ಟಡದ ಓಣಿಯಲ್ಲಿ, ಎಲ್ಲರ ಬಾಗಿಲ ಮುಂದಿನ ಉದ್ದ ಜಗಲಿಯಲ್ಲಿ, ಇದರ ವಿಚಾರಣೆ ನಡೆಯಿತು. ಪಕ್ಕದ ಕೋಣೆಯಲ್ಲಿ ದಕ್ಷಿಣ ಕನ್ನಡದ ಒಬ್ಬರಿದ್ದರು. ಒಂದು ಹಡಗು ಕಂಪನಿಯಲ್ಲಿ ಸ್ಟೆನೋಗ್ರಾಫರು. ನಮ್ಮ ಮಾಮಾ ಓದಿ ಮುಗಿಸಿದ ಪೇಪರಿಗಾಗಿ ದಿನಾ ಬರುತ್ತಿದ್ದರು, ಅದಕ್ಕೆ ಬಡ್ಡಿಯಾಗಿ ಸಲಹೆ ಕೊಟ್ಟು ಹೋಗುತ್ತಿದ್ದರು.

"ಹನ್ನೊಂದು ಗಂಟೆ ಅಂತ ಬರೀಬೇಡ ಮಾರಾಯ" ಎಂದರು ಅವರು. "ಒಂದು ಸ್ಲ್ಯಾಬಿಗೆ ಹನ್ನೊಂದು ಗಂಟೆ ತಗೊಳ್ಳುವವನನ್ನು ಯಾರು ಇಟ್ಟುಕೊಳ್ತಾರೆ? ಮೂರು ಅಂತ ಹಾಕು."

"ಮೂರು ಗಂಟೆ ಇಂಕು ಒಣಗಲಿಕ್ಕೇ ಬೇಕು" ಎಂದೆ.

"ಅದು ಅವರಿಗೆ ಎಂತ ಗೊತ್ತುಂಟು? ನೋಡು, ನಾನು ಅರ್ಜಿಯಲ್ಲಿ ಸ್ಪೀಡು ನಿಮಿಷಕ್ಕೆ ನೂರಾ ನಲವತ್ತು ಶಬ್ದ ಅಂತ ಬರೆದದ್ದು. ಎಲ್ಲರೂ ಹಾಗೆಯೇ ಬರೆಯುವುದು. ನೂರಾ ನಲವತ್ತರಲ್ಲಿ ಮಾತಾಡುವ ಸಾಹೇಬನೇ ನಮ್ಮ ಆಫೀಸಿನಲ್ಲಿ ಇಲ್ಲ. ಒಂದು ಶಬ್ದಕ್ಕೆ ಮೂರು ಸಲ ಕೆಮ್ಮುತ್ತಾನೆ."

ಮಾಮಾ ಬೀಡಿ ಹಚ್ಚಿ, ತಮ್ಮ ಶಾಸ್ತ್ರದ ಅಧಿಕಾರದಿಂದ ತೀರ್ಪು ಕೊಟ್ಟರು. "ಮೂರು ಬರದ್ರ ಸತ್ತಿ. ನಮ್ಮಲ್ಲಿ ರೇಟ್ ಫಿಕ್ಸ್ ಮಾಡಾಂವ ವಾಚ್ ಹಿಡಕೊಂಡು ಬಂದು ಮಶಿನ್ ಮುಂದ ನಿಂತ ಅಂದ್ರ, ಶ್ಯಾಣ್ಯಾ ಇದ್ದಾಂವ ಏನ್ ಮಾಡ್ತಾನ? ಬೋಲ್ಟ್ ನೆಲಕ್ಕ ಬೀಳಸ್ತಾನ. ಮೂಗು ಒರಸಕೋತಾನ. ಎಣ್ಣಿ ಡಬ್ಬಿ ಹುಡಕ್ತಾನ. ಯಾಕ? ಅವತ್ತು ಎಷ್ಟು ಹೊತ್ತು ತಗೋತಾನೋ ಅದ ಅವಂಗ ಕಡೀತನಕಾ ರೇಟ್. ನೀ ಇವತ್ತ ಮೂರ್ ತಾಸು ಅಂದ್ರ, ನಾಳೆ ಅಂವ ಮೂರ್ ತಾಸಿಗೊಂದು ಸ್ಲ್ಯಾಬ್ ಕೇಳ್ತಾನ. ಇಪ್ಪತ್ತು ಅಂತ ಬರಿ."

"ಇಪ್ಪತ್ತು ಬರೆದರೆ ಕೆಲಸವೇ ಇಲ್ಲ ಮಾಮಾರೇ" ಎಂದರು ಸ್ಟೆನೋ.

"ಮೂರು ಬರದ್ರ ಕೆಲಸ ಐತಿ, ಜಲ್ಮ ಇಲ್ಲ."

ಎರಡೂ ಪಕ್ಷಗಳು ನಿಜವನ್ನು ಓದಿ ಮುಗಿಸಿದ ಅಂಚೆ ಕಾರ್ಡಿನ ಹಾಗೆ ಬದಿಗಿಟ್ಟೇ ವಾದಿಸುತ್ತಿದ್ದವು. ನಾನು ಒಂದು ದಿನ ಪೂರ್ತಿ ಪ್ರಾಮಾಣಿಕವಾಗಿ ಸುಳ್ಳು ಹೇಳಲು ಪ್ರಯತ್ನಿಸಿದೆ. ಮೂರು ಗಂಟೆಯಲ್ಲಿ ಲೆಕ್ಕಕ್ಕೆ ಎಷ್ಟು, ನಕ್ಷೆಗೆ ಎಷ್ಟು ಎಂದು ಹಂಚಿದೆ. ನಕ್ಷೆಯ ಪಾಲಿಗೆ ಉಳಿದ ಸಮಯದಲ್ಲಿ ಅಕ್ಷರ ಬರೆಯುವುದೇ ಮುಗಿಯುತ್ತಿರಲಿಲ್ಲ. ಇಪ್ಪತ್ತನ್ನು ಹಂಚಿದೆ, ಏನು ಮಾಡುತ್ತಿದ್ದೆ ಎಂದು ಕೇಳಿದರೆ ಬೋಲ್ಟು ಬೀಳಿಸುತ್ತಿದ್ದೆ ಎನ್ನಬೇಕಾಗುತ್ತಿತ್ತು. ನಂಬುವಂಥ ಸುಳ್ಳಿಗೂ ಒಂದು ಸ್ಲ್ಯಾಬಿನಷ್ಟೇ ಲೆಕ್ಕ ಬೇಕು, ಅದರ ಸಮಯವನ್ನು ಎಲ್ಲಿ ತೋರಿಸುವುದು ಎಂಬ ಹೊಸ ತೊಡಕು ಹುಟ್ಟಿತು. ಬೇಸತ್ತು ಇದ್ದದ್ದನ್ನೇ ಬರೆದೆ: ಒಟ್ಟು ಹನ್ನೊಂದು ಗಂಟೆ. ಇದರಲ್ಲಿ ಎರಡೂವರೆ ಗಂಟೆ ವ್ಯರ್ಥ. ಮೊದಲ ಸಲ ಸ್ಲ್ಯಾಬಿನ ಸ್ವಂತ ಭಾರವನ್ನು ಸೇರಿಸಲು ಮರೆತಿದ್ದರಿಂದ ಲೆಕ್ಕವನ್ನು ಮರಳಿ ಮಾಡಬೇಕಾಯಿತು.

ಮಾಮಾ ಅದನ್ನು ಓದಿಸಿಕೊಂಡು ಬೀಡಿ ಆರಿಸಿದರು. "ಇಂಜಿನಿಯರ್ ಸಾಹೇಬ್ರ, ನಮ್ಮ ಕಾರ್ಖಾನ್ಯಾಗ ತಪ್ಪು ಮಾಡಿದಾಂವಗ ಮ್ಯಾನೇಜರ್ ಚಾರ್ಜ್‌ಶೀಟ್ ಕೊಡ್ತಾನ. ನಿಮ್ಮಂಗ ತಾವ ಬರಕೊಂಡು ಹೋಗಿ ಕೊಡೂದು ನಾ ನೋಡಿಲ್ಲ" ಎಂದರು. ಆಮೇಲೆ ಒಳಗೆ ಹೋಗಿ, ಗದಗಿನ ಸಂಬಂಧಿಕರಿಗೆ ಬರೆಯಲು ಇನ್‌ಲ್ಯಾಂಡ್ ಪತ್ರ ಇದೆಯೇ ಎಂದು ಅಕ್ಕನನ್ನು ವಿಚಾರಿಸಿದರು.

ಸೋಮವಾರ ಹಾರ್ಬರ್ ಲೈನಿನ ಲೋಕಲ್‌ನಲ್ಲಿ, ಸುರುಳಿ ಸುತ್ತಿದ ನಕ್ಷೆಯನ್ನು ಜನರ ತಲೆಯ ಮೇಲೆ ಧ್ವಜದಂತೆ ಎತ್ತಿ ಹಿಡಿದು ವಿ.ಟಿ. ನಿಲ್ದಾಣ ತಲುಪಿದೆ. ಸಾಹೇಬರು ನಕ್ಷೆಯನ್ನು ಬಿಚ್ಚಲಿಲ್ಲ. ಲೆಕ್ಕದ ಹಾಳೆಗಳನ್ನೂ ನೋಡಲಿಲ್ಲ. ಅರ್ಧ ಹಾಳೆಯನ್ನು ತೆಗೆದು, ಕನ್ನಡಕವನ್ನು ಹಣೆಗೇರಿಸಿ ಓದಿದರು. ಮೂರನೆಯ ಊಹೆಯವರೆಗೆ ಮುಖದಲ್ಲಿ ಏನೂ ಇರಲಿಲ್ಲ. ನಾಲ್ಕನೆಯದಕ್ಕೆ ಬಂದು ನಿಂತರು.

"ಹೇ ಕಾಯ್ ಆಹೇ? ಏನಿದು, ಮೋರಿ?"

"ಹೌದು ಸರ್. ಮೂಲಿಯೊಳಗಿನ ಗುರುತು."

"ಕೋಣಿ ಯಾರದು ಗೊತ್ತೈತೇನು?"

"ಇಲ್ಲ ಸರ್."

"ಗೋರೆಗಾಂವ್ ಗುಡ್ಡದ ಮ್ಯಾಲ ಒಬ್ಬ ದೊಡ್ಡ ವಕೀಲ ಬಂಗಲಾ ಕಟ್ಟಸಾಕತ್ತಾನ. ಇದು ಅವನ ಲೈಬ್ರರಿ. ನಾಲ್ಕೂ ಗ್ವಾಡಿಗೆ ಕಾಯದೇ ಪುಸ್ತಕ. ಆ ಮೂಲ್ಯಾಗಿಂದು ಕಬ್ಬಿಣದ ಕಪಾಟು." ಅವರು ಒಳಗಿನ ಬೋರ್ಡುಗಳ ಕಡೆ ತಿರುಗಿ ಮರಾಠಿಯಲ್ಲಿ, ವಕೀಲರ ಲೈಬ್ರರಿಯಲ್ಲಿ ಇವರು ಮೋರಿ ಇಟ್ಟಿದ್ದಾರೆ ಎಂದು ಪ್ರಕಟಿಸಿದರು. ಗೆರೆ ಎಳೆಯುತ್ತಿದ್ದ ಏಳು ಟಿ-ಸ್ಕ್ವೇರುಗಳು ಒಟ್ಟಿಗೆ ನಿಂತವು. ಎಲ್ಲೋ ಒಂದು ಕಡೆಯಿಂದ, "ಕಕ್ಷಿದಾರರು ಕೈಕಾಲು ತೊಳೆದು ಒಳಗೆ ಬರಲಿ, ಸಾಹೇಬ್" ಎಂದು ಉತ್ತರ ಬಂತು.

ನಾನು ನಗುವುದರಲ್ಲಿ ಸೇರಿಕೊಳ್ಳಬೇಕೆ ಬೇಡವೆ ಎಂದು ತಿಳಿಯದೆ ನಿಂತೆ. ಗದಗಿನ ಕಾಲುವೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಣ್ಣಿನ ಬಣ್ಣ ಕೂಡ.

"ಲೈಬ್ರರಿ ಅಂತ ಹಾಳಿ ಮ್ಯಾಲ ಇರಲಿಲ್ಲ ಸರ್" ಎಂದೆ.

"ಇರಲಿಲ್ಲ. ನಾನ ತಗದೀನಿ. ನೀ ಕೇಳಬೇಕಿತ್ತು. ಇಲ್ಲಿ ಫೋನ್ ಐತಿ, ನಿಮ್ಮ ಚೆಂಬೂರ್ ಸ್ಟೇಷನ್ ಬಾಜೂಕ ಇರಾಣಿ ಹೋಟೆಲ್‌ದಾಗೂ ಫೋನ್ ಐತಿ."

ಯೋಗ್ಯವಾಗಿ ಊಹಿಸಿಕೊಳ್ಳಬಹುದು ಎಂದಿತ್ತಲ್ಲ ಎನ್ನಬೇಕೆಂದಿದ್ದೆ. ಅವರು ಮೇಜಿನ ಕೆಳಗಿನಿಂದ ಇನ್ನೊಂದು ಕಟ್ಟು ತೆಗೆದರು. ಇನ್ನಾರೋ ಉಮೇದುವಾರರದ್ದು. ಹೆಸರಿದ್ದ ಅಂಚನ್ನು ಮಡಿಚಿ ಕ್ಲಿಪ್ಪು ಹಾಕಿದ್ದರು. ನಕ್ಷೆಯನ್ನು ಬಿಚ್ಚಿ ನನ್ನ ಮುಂದೆ ಹಾಸಿದರು. ಅಂಥ ಕೈ ನಾನು ಕಂಡಿರಲಿಲ್ಲ. ಅಕ್ಷರಗಳು ಅಚ್ಚಿನಲ್ಲಿ ಹಾಕಿದಂತಿದ್ದವು. ಬಾಣದ ತುದಿಗಳು ಚುಚ್ಚುವಂತಿದ್ದವು. ನನ್ನ ನಕ್ಷೆ ಸುರುಳಿಯಲ್ಲೇ ಇದ್ದದ್ದು ದೇವರ ದಯೆ ಎನಿಸಿತು.

"ಇಂವ ಯಾವ ಕೋಣಿ ಅಂತ ತಿಳಕೊಂಡು ಮಾಡ್ಯಾನ, ಹುಡುಕಿ ಹೇಳು."

ಟಿಪ್ಪಣಿಯನ್ನು ನೋಡಿದೆ. ಎರಡೇ ಸಾಲು. ಊಹೆಗಳು: ಕೋಡಿನ ಪ್ರಕಾರ. ಸಮಯ: ಎರಡೂವರೆ ಗಂಟೆ. ಲೆಕ್ಕದ ಹಾಳೆಗಳಿಗೆ ಹೋದೆ. ಮೊದಲನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಒಟ್ಟು ಭಾರ ಇತ್ತು, ಅದು ಯಾವ ಯಾವುದು ಕೂಡಿ ಆದದ್ದೆಂದು ಇರಲಿಲ್ಲ. ಹಿಂದಕ್ಕೆ ಹೋದೆ, ಮುಂದಕ್ಕೆ ಹೋದೆ. ಸಾಹೇಬರು ಚಹಾ ತರಿಸಿ ಕುಡಿದರು. ಕೊನೆಗೆ ಸ್ಲ್ಯಾಬು ಹನ್ನೊಂದು ಸೆಂಟಿಮೀಟರು ದಪ್ಪ ಎಂಬುದರಿಂದ ಹಿಂದೆ ಬಂದು, ಅದರ ಸ್ವಂತ ಭಾರ ಕಳೆದು, ನೆಲಹಾಸು ಕಳೆದು, ಉಳಿದದ್ದು ಇನ್ನೂರು ಎಂದು ಕಂಡುಹಿಡಿದೆ.

"ವಾಸದ ಮನಿ ಸರ್. ಇನ್ನೂರು ಕಿಲೋ."

"ಎಷ್ಟು ಹೊತ್ತು ಹಿಡೀತು?"

"ಒಂದು ಚಹಾ, ಸರ್."

"ಹೂಂ. ಅಂವನೂ ಮನಿ ಅಂತನ ಮಾಡ್ಯಾನ. ನಿನ್ನಂಗ. ಆದ್ರ ಯಾರಿಗೂ ಹೇಳಿಲ್ಲ. ಇದು ನನ್ನ ಸಹಿ ಆಗಿ ಗೋರೆಗಾಂವಕ್ಕ ಹೋಗಿದ್ರ, ಪುಸ್ತಕಾ ಜೋಡಿಸಿದ ದಿವಸ ವಕೀಲ ನನಗ ಬಾಗಿದ ಸ್ಲ್ಯಾಬ್ ತೋರಸ್ತಿದ್ದ. ವಕೀಲ ಬ್ಯಾರೆ." ಅವರು ನನ್ನ ಅರ್ಧ ಹಾಳೆಯನ್ನು ಮುಂದೆಳೆದುಕೊಂಡರು. ನಾಲ್ಕನೆಯ ಊಹೆಯಲ್ಲಿದ್ದ ನಾನೂರನ್ನು ಕೆಂಪು ಪೆನ್ಸಿಲಿನಲ್ಲಿ ಹೊಡೆದು ಐನೂರು ಎಂದು ಬರೆದರು. ಪುಸ್ತಕದ ಕೋಣೆಗೆ ಅವರು ಹಿಡಿಯುತ್ತಿದ್ದದ್ದು ಅಷ್ಟು. ತಮ್ಮ ಹಳದಿಯಾದ ಸ್ಲೈಡ್ ರೂಲನ್ನು ಎರಡು ಸಲ ಸರಿಸಿದರು. "ಹದಿನಾಲ್ಕು. ನಿಂದು ಹದಿಮೂರು. ಒಂದು ಸೆಂಟಿಮೀಟರ್ ಕಡಿಮಿ. ನೋಡು, ನಿನ್ನ ತಪ್ಪು ಎಲ್ಲೈತಿ ಅಂತ ಸಿಕ್ಕತು, ಚಹಾ ಆರೂದ್ರಾಗ ರಿಪೇರಿ ಆತು."

ಇದು ಹೊಗಳಿಕೆಯೇ ಎಂದು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವರು ಸಮಯದ ಸಾಲಿಗೆ ಬಂದಿದ್ದರು. ಅಲ್ಲಿ ಮತ್ತೆ ನಿಂತರು. ನನಗೆ ಮಾಮಾ ಹೇಳಿದ ಚಾರ್ಜ್‌ಶೀಟು ನೆನಪಾಯಿತು.

"ಸ್ವಂತ ಭಾರ ಮರತಿದ್ದಿ?"

"ಹೌದು ಸರ್."

"ಪೀಪಾಯಿ ನೆನಪಿತ್ತು?"

"ಹೌದು ಸರ್."

"ಕೋಣ್ಯಾಗ ಎಷ್ಟು ಮಂದಿ ಇರ್ತೀರಿ?"

ಹೇಳಿದೆ. ಅವರು ತಲೆಯಾಡಿಸಿದರು, ನಾನೂರು ಎಲ್ಲಿಂದ ಬಂತೆಂದು ಆಗ ಅವರಿಗೆ ಸ್ಪಷ್ಟವಾಯಿತೆಂದು ಕಾಣುತ್ತದೆ. ಆ ಇನ್ನೊಂದು ನಕ್ಷೆಯ ಅಚ್ಚಿನಂಥ ಅಕ್ಷರಗಳ ಮೇಲೆ ಬೆರಳು ಓಡಿಸಿದರು. "ನಲವತ್ತು ವರ್ಷ ಆತು ಇಂಕ್ ಹಚ್ಚಾಕತ್ತು. ಈ ಹಾಳಿ ಎರಡೂವರಿ ತಾಸಿನ್ಯಾಗ ನನ್ನ ಕೈಲೆ ಆಗೂದಿಲ್ಲ. ಬರೇ ಅಕ್ಷರಕ್ಕ ಅಷ್ಟು ಬೇಕು. ಛಲೋ ಕೈ ಐತಿ ಹುಡುಗಂದು. ಆದ್ರ ನಾಳೆ ಇಂವ ಶುಕ್ರವಾರ ಮುಗಸ್ತೀನಿ ಅಂದ್ರ ನಾ ಗುತ್ತಿಗೆದಾರನಿಗೆ ಯಾವ ಶುಕ್ರವಾರ ಅಂತ ಹೇಳ್ಲಿ?"

ಆಮೇಲೆ ಅವರು ನನಗೆ ಕೆಲಸ ಕೊಟ್ಟೆ ಎನ್ನಲಿಲ್ಲ. ಲೈಬ್ರರಿಗೆಂದು ಮತ್ತೆ ಮಾಡಿ, ಹೊಸ ಟಿಪ್ಪಣಿಯೊಡನೆ ಗುರುವಾರ ತರಬೇಕೆಂದರು. ನಾನು ಬಾಗಿಲವರೆಗೆ ಹೋಗಿ, ಇರಾಣಿ ಹೋಟೆಲಿನ ಫೋನಿನ ಖರ್ಚು ಉಳಿಸೋಣವೆಂದು, ಅಲ್ಲಿಂದಲೇ ತಿರುಗಿ ಬಂದೆ. ಕಪಾಟಿನ ಭಾರ ಎಷ್ಟು, ಅದು ಗೋಡೆಯ ಮೇಲೆ ಕೂರುತ್ತದೆಯೋ ಸ್ಲ್ಯಾಬಿನ ಮೇಲೋ, ಪುಸ್ತಕದ ಸಾಲು ಸೂರಿನವರೆಗೆ ಹೋಗುತ್ತದೆಯೋ ಅರ್ಧಕ್ಕೆ ನಿಲ್ಲುತ್ತದೆಯೋ ಎಂದು ಕೇಳಿದೆ. ಮೊದಲ ಎರಡಕ್ಕೆ ಅವರು ಉತ್ತರ ಕೊಟ್ಟರು. ಮೂರನೆಯದಕ್ಕೆ, "ಥಾಂಬ್, ತಡಿ" ಎಂದು ತಾವೇ ವಕೀಲರಿಗೆ ಫೋನು ಹಚ್ಚಿದರು. ಅದು ಅವರಿಗೂ ಗೊತ್ತಿರಲಿಲ್ಲ.

ಗುರುವಾರದ ಟಿಪ್ಪಣಿಯಲ್ಲಿ ನಾಲ್ಕನೆಯ ಜಾಗದಲ್ಲಿ ಊಹೆ ಇರಲಿಲ್ಲ. ಯಾರನ್ನು ಕೇಳಿ ಏನು ತಿಳಿದುಕೊಂಡೆ ಎಂಬುದಿತ್ತು. ಸಾಹೇಬರು ಅದನ್ನು ಓದಿ, ಕಿಟಕಿಯ ಪಕ್ಕದ ಖಾಲಿ ಬೋರ್ಡನ್ನು ತೋರಿಸಿ, ಒಂದನೇ ತಾರೀಖಿನಿಂದ ಬಾ ಎಂದರು. ಅಚ್ಚಿನ ಅಕ್ಷರದ ಉಮೇದುವಾರನೂ ಆರು ತಿಂಗಳ ನಂತರ ಸೇರಿಕೊಂಡ. ಅವನನ್ನು ಕರೆದು, ಎರಡನೆಯ ಸಲ ಟಿಪ್ಪಣಿ ಬರೆಸಿಕೊಂಡೇ ತೆಗೆದುಕೊಂಡರು. ನನ್ನ ಲೆಕ್ಕಗಳಿಗೆ ಅವನೇ ನಕ್ಷೆ ಬರೆಯುತ್ತಿದ್ದ. ನನ್ನ ಕೈಯ ನಕ್ಷೆಗಳನ್ನು ಸಾಹೇಬರು ಆ ಆಫೀಸಿನಿಂದ ಹೊರಗೆ ಕಳಿಸಿದ್ದು ನನಗೆ ನೆನಪಿಲ್ಲ.

ಸೇರಿದ ಮೊದಲ ವಾರವೇ ನನ್ನ ಬೋರ್ಡಿಗೆ ಒಂದು ಚೀಟಿ ಅಂಟಿತು. ಇಂಥದೇ ಇನ್ನೊಂದು ಸ್ಲ್ಯಾಬು. ಕೆಳಗೆ ಕೆಂಪು ಪೆನ್ಸಿಲಿನಲ್ಲಿ, ಎಂಟೂವರೆ ಗಂಟೆ. ಹನ್ನೊಂದರಲ್ಲಿ ಎರಡೂವರೆ ಕಳೆದದ್ದು. ಸ್ವಂತ ಭಾರವನ್ನು ಮನುಷ್ಯ ಎರಡನೆಯ ಸಲ ಮರೆಯಲಾರ ಎಂಬುದು ಸಾಹೇಬರ ಊಹೆ. ಅದನ್ನು ಅವರು ಬರೆದಿರಲಿಲ್ಲ.

ಸಂಜೆ ಈ ಸುದ್ದಿ ಹೇಳಿದಾಗ ಮಾಮಾ ಊಟದ ತಟ್ಟೆಯಿಂದ ತಲೆಯೆತ್ತಲಿಲ್ಲ. ರೊಟ್ಟಿ ಮುರಿದು, ಪಲ್ಯೆ ಹಚ್ಚಿ, ಬಾಯಿಗಿಟ್ಟು, ಅಗಿದು, ನುಂಗಿ, ಆಮೇಲೆ ಪಕ್ಕದ ಗೋಡೆಗೆ ಕೇಳುವಷ್ಟು ಎತ್ತರದ ದನಿಯಲ್ಲಿ ಹೇಳಿದರು.

"ರೇಟ್ ಫಿಕ್ಸ್ ಆತು. ನಾ ಏನ್ ಹೇಳಿದ್ದೆ?"

ಗೋಡೆಯ ಆಚೆಯಿಂದ ಸ್ಟೆನೋ, "ಮೂರು ಅಂತ ಬರೆದಿದ್ದರೆ ಕೆಲಸವೇ ಇರ್ತಿರಲಿಲ್ಲ, ಅದು ನನ್ನ ತಪ್ಪು. ಆದರೆ ಇಪ್ಪತ್ತೂ ತಪ್ಪೇ ಅಲ್ವಾ?" ಎಂದರು.

"ಇಪ್ಪತ್ತರಾಗ ಎರಡೂವರಿ ಕಳದಿದ್ರ ಹದಿನೇಳೂವರಿ ಉಳೀತಿತ್ತು" ಎಂದರು ಮಾಮಾ.

ಇನ್‌ಲ್ಯಾಂಡ್ ಪತ್ರ ಇನ್ನೂ ಏನೂ ಬರೆಯದೆ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ ಹಾಗೆಯೇ ಇತ್ತು. ಅಕ್ಕ ಅದನ್ನು ತೆಗೆದು, ಊರಿಗೆ ಅವ್ವನಿಗೆ ನಾನೇ ಬರೆಯಬೇಕೆಂದು ನನ್ನ ಮುಂದೆ ಇಟ್ಟಳು. ಮಾಮಾ ಕೈ ತೊಳೆಯಲು ಮೋರಿಯ ಕಡೆ ಎದ್ದರು. ಅಕ್ಕ ಅವರಿಗೆ ತಂಬಿಗೆ ಕೊಟ್ಟು, ಏನೋ ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದಳು.

"ಅದೆಲ್ಲಾ ಇರ್ಲಿ ತಮ್ಮಾ. ಆ ವಕೀಲ ಇಡೀ ದಿವಸ ಆ ಖೋಲ್ಯಾಗ ಕುಂಡ್ರಾಂವ. ಚಹಾ ಕುಡೀತಾನ, ಏನರ ತಿಂತಾನ. ಕೈ ಎಲ್ಲಿ ತೊಳ್ಕೋತಾನ?"

ನಾಳೆ ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಎಂದೆ.